ವಿಜ್ಞಾನೇಶ್ವರನ ಅರ್ಧಪ್ರಹರ: ಬ್ರಾಹ್ಮೀ ಮುಹೂರ್ತದ ಆರಂಭವನ್ನು ಎಣಿಸುವ ಬಗೆ

ಯಾಜ್ಞವಲ್ಕ್ಯಸ್ಮೃತಿಯ ಆಚಾರಾಧ್ಯಾಯದಲ್ಲಿ ಬ್ರಾಹ್ಮೀ ಮುಹೂರ್ತದಲ್ಲಿ ಏಳಬೇಕೆಂಬ ವಿಧಿ ಬಂದಾಗ, ಮಿತಾಕ್ಷರಾಕಾರ ವಿಜ್ಞಾನೇಶ್ವರ ಅದನ್ನು ರಾತ್ರಿಯ ಕಡೆಯ ಅರ್ಧಪ್ರಹರವೆಂದು ವಿವರಿಸುತ್ತಾನೆ. ಈ ಮಾತನ್ನು ಹಿರಿಯ ವಿದ್ವಾಂಸರೊಬ್ಬರು ಹೀಗೆ ಓದಿದರು: ಪ್ರಹರವೆಂದರೆ ಮೂರು ಗಂಟೆ, ಅದರ ಅರ್ಧ ಒಂದೂವರೆ ಗಂಟೆ, ಆದ್ದರಿಂದ ಬ್ರಾಹ್ಮೀ ಮುಹೂರ್ತ ಶುರುವಾಗುವುದು ನಾಲ್ಕೂವರೆಗೆ. ಅಷ್ಟಾಂಗಹೃದಯದ ವ್ಯಾಖ್ಯಾನ ಪರಂಪರೆ ಹೇಳುವ ರಾತ್ರಿಯ ಹದಿನಾಲ್ಕನೆಯ ಮುಹೂರ್ತಕ್ಕೂ ಇದಕ್ಕೂ ಹೊಂದಾಣಿಕೆಯಿಲ್ಲವೆಂದು ಅವರು ಮಿತಾಕ್ಷರೆಯನ್ನು ಬದಿಗಿಟ್ಟರು. ಅವರ ಪಾಂಡಿತ್ಯದ ಬಗ್ಗೆ ನನಗೆ ಗೌರವವಿದೆ. ಆದರೆ ಈ ಓದು ತಪ್ಪು, ಮತ್ತು ಇದನ್ನು ಪರೀಕ್ಷಿಸದೆ ನಕಲು ಮಾಡಿದವರ ತಪ್ಪು ಇನ್ನೂ ದೊಡ್ಡದು.

ಪ್ರಹರ ಮೂರು ಗಂಟೆಯ ಸ್ಥಿರ ಮಾನವಲ್ಲ, ರಾತ್ರಿಯ ಕಾಲುಭಾಗ. ರಾತ್ರಿ ಹಿಗ್ಗಿದರೆ ಅದೂ ಹಿಗ್ಗುತ್ತದೆ. ಹಾಗಾಗಿ ಅರ್ಧಪ್ರಹರವೆಂದರೆ ರಾತ್ರಿಯ ಎಂಟನೆಯ ಒಂದು ಪಾಲು. ರಾತ್ರಿಯನ್ನು ಹದಿನೈದು ಮುಹೂರ್ತ ಮಾಡಿದರೆ ಹದಿನಾಲ್ಕನೆಯದು ಶುರುವಾಗುವುದು ಸೂರ್ಯೋದಯಕ್ಕೆ ಹದಿನೈದರಲ್ಲಿ ಎರಡು ಪಾಲು ಇರುವಾಗ. ಹನ್ನೆರಡು ಗಂಟೆಯ ರಾತ್ರಿಯಲ್ಲಿ ಮೊದಲನೆಯದು 90 ನಿಮಿಷ, ಎರಡನೆಯದು 96. ಆರಂಭದ ಮಟ್ಟಿಗೆ ಇಬ್ಬರಿಗೂ ಇರುವ ಅಂತರ ಆರೇ ನಿಮಿಷ! ನಿಜವಾದ ಭೇದವಿರುವುದು ಮುಕ್ತಾಯದಲ್ಲಿ: ವಿಜ್ಞಾನೇಶ್ವರನ ಅವಧಿ ಸೂರ್ಯೋದಯದವರೆಗೂ ಸಾಗುತ್ತದೆ, ಹದಿನಾಲ್ಕನೆಯ ಮುಹೂರ್ತ ಅದಕ್ಕೆ ಒಂದು ಮುಹೂರ್ತ ಮುಂಚೆಯೇ ಮುಗಿಯುತ್ತದೆ. (ಮನುಸ್ಮೃತಿಯ ವ್ಯಾಖ್ಯಾನದಲ್ಲಿ ಕುಲ್ಲೂಕಭಟ್ಟ ಇಡೀ ಕೊನೆಯ ಯಾಮವನ್ನೇ ತೆಗೆದುಕೊಳ್ಳುತ್ತಾನೆ; ಅಷ್ಟು ಸಡಿಲವಾದ ಅರ್ಥವನ್ನು ಲೆಕ್ಕಕ್ಕೆ ಆಧಾರ ಮಾಡಲಾಗದು.)

ಇನ್ನು ಕೆಲವರು ಮುಹೂರ್ತವೆಂದರೆ ಎಂದಿಗೂ 48 ನಿಮಿಷ, ಸೂರ್ಯೋದಯದಿಂದ 96 ನಿಮಿಷ ಕಳೆದರೆ ಸಾಕು ಎನ್ನುತ್ತಾರೆ. ಸ್ಥಿರ ಮುಹೂರ್ತಕ್ಕೆ ಹಳೆಯ ಆಧಾರವಿರುವುದು ನಿಜ. ವೇದಾಂಗ ಜ್ಯೋತಿಷದಲ್ಲೂ ಕೌಟಿಲ್ಯನ ಅರ್ಥಶಾಸ್ತ್ರದಲ್ಲೂ ಹಗಲು ಹನ್ನೆರಡರಿಂದ ಹದಿನೆಂಟು ಮುಹೂರ್ತಗಳವರೆಗೆ ಏರಿಳಿಯುತ್ತದೆ. ಅಲ್ಲಿ ಬದಲಾಗುವುದು ಮುಹೂರ್ತಗಳ ಸಂಖ್ಯೆ, ಅಳತೆಯಲ್ಲ. ಆದರೆ ಆ ಮಾನವನ್ನು ಒಪ್ಪಿದರೆ ‘ಹದಿನಾಲ್ಕನೆಯದು’ ಎಂಬ ಎಣಿಕೆ ಏನಾಗುತ್ತದೆಂದು ಅವರು ನೋಡಿಲ್ಲ.

ವಿಜ್ಞಾನೇಶ್ವರನಿದ್ದ ಕಲ್ಯಾಣವನ್ನೇ, ಇಂದಿನ ಬಸವಕಲ್ಯಾಣವನ್ನೇ, ತೆಗೆದುಕೊಳ್ಳೋಣ. ಅಕ್ಷಾಂಶ ಸುಮಾರು 17.9 ಡಿಗ್ರಿ, ರೇಖಾಂಶ ಸುಮಾರು 77. ಜೂನ್ 21ರ ಆಸುಪಾಸಿನಲ್ಲಿ ಅಲ್ಲಿ ಸಂಜೆ ಸುಮಾರು 7ಕ್ಕೆ ಸೂರ್ಯ ಮುಳುಗಿ ಬೆಳಿಗ್ಗೆ 5.48ಕ್ಕೆ ಹುಟ್ಟುತ್ತಾನೆ. ರಾತ್ರಿ 648 ನಿಮಿಷ, ಅಂದರೆ 48 ನಿಮಿಷದ ಹದಿಮೂರೂವರೆ ಮುಹೂರ್ತ. ಸೂರ್ಯಾಸ್ತದಿಂದ ಎಣಿಸಿದರೆ ಹದಿನಾಲ್ಕನೆಯದು ಮುಗಿಯುವ ಮೊದಲೇ ಸೂರ್ಯ ಮೇಲೆ ಬಂದಿರುತ್ತಾನೆ. ಡಿಸೆಂಬರ್ 21ರ ಸುಮಾರಿಗೆ ರಾತ್ರಿ 777 ನಿಮಿಷ. ಆಗ ಹದಿನಾಲ್ಕನೆಯದು ಸೂರ್ಯೋದಯಕ್ಕೆ ಎರಡೂವರೆ ಗಂಟೆಗೂ ಮುಂಚೆ ಶುರುವಾಗಿ, ಸೂರ್ಯ ಹುಟ್ಟಲು ಇನ್ನೂ 105 ನಿಮಿಷವಿರುವಾಗಲೇ ಮುಗಿದುಹೋಗುತ್ತದೆ. ಹದಿನಾಲ್ಕು ಎಂಬ ಸಂಖ್ಯೆ ವರ್ಷವಿಡೀ ಉಪಾಂತ್ಯವಾಗಿ ಉಳಿಯುವುದು ರಾತ್ರಿಯನ್ನು ಹದಿನೈದು ಸಮಪಾಲು ಮಾಡಿದಾಗ ಮಾತ್ರ. ಸಂಖ್ಯೆಯನ್ನು ಒಂದು ಪದ್ಧತಿಯಿಂದಲೂ ಅಳತೆಯನ್ನು ಇನ್ನೊಂದರಿಂದಲೂ ತಂದು ಬೆಸೆದದ್ದು 96 ನಿಮಿಷದ ಸೂತ್ರ. ಅದು ಹಗಲು ರಾತ್ರಿ ಸಮನಾದ ದಿನಗಳಲ್ಲಷ್ಟೇ ಸರಿ.

ಸರಿಯಾದ ಲೆಕ್ಕ ಕಷ್ಟದ್ದಲ್ಲ. ಹಿಂದಿನ ಸಂಜೆಯ ಸೂರ್ಯಾಸ್ತದಿಂದ ಈ ಬೆಳಗಿನ ಸೂರ್ಯೋದಯದವರೆಗಿನ ನಿಮಿಷಗಳನ್ನು ಹದಿನೈದರಿಂದ ಭಾಗಿಸಿ, ಎರಡರಿಂದ ಗುಣಿಸಿ, ಸೂರ್ಯೋದಯದಿಂದ ಕಳೆಯಬೇಕು. ಜೂನ್‌ನಲ್ಲಿ ಕಲ್ಯಾಣದ ಮುಹೂರ್ತ 43 ನಿಮಿಷ ಚಿಲ್ಲರೆ, ಆರಂಭ ಸುಮಾರು 4.22. ಡಿಸೆಂಬರ್‌ನಲ್ಲಿ ಸೂರ್ಯೋದಯ 6.49, ಮುಹೂರ್ತ ಸುಮಾರು 52 ನಿಮಿಷ, ಆರಂಭ 5.05. ಅದೇ ದಿನಗಳಿಗೆ ಅರ್ಧಪ್ರಹರದ ಲೆಕ್ಕ 4.27 ಮತ್ತು 5.12 ಕೊಡುತ್ತದೆ. 96 ನಿಮಿಷದ ಸೂತ್ರ ಜೂನ್‌ನಲ್ಲಿ ಹತ್ತು ನಿಮಿಷ ಬೇಗ, ಡಿಸೆಂಬರ್‌ನಲ್ಲಿ ಎಂಟು ನಿಮಿಷ ತಡ. ನಾಲ್ಕೂವರೆಯ ನಿಯಮವಂತೂ ಚಳಿಗಾಲದಲ್ಲಿ ಅರ್ಧ ಗಂಟೆಗೂ ಹೆಚ್ಚು ಬೇಗ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಸೂರ್ಯಬಿಂಬದ ಮೇಲಂಚು ಕಂಡ ಕ್ಷಣವನ್ನು ನಾನು ಸೂರ್ಯೋದಯವೆಂದು ಹಿಡಿದಿದ್ದೇನೆ. ಬಿಂಬದ ಮಧ್ಯವನ್ನು ಹಿಡಿದು, ವಾಯುಮಂಡಲ ಬೆಳಕನ್ನು ಬಾಗಿಸುವುದನ್ನು ಬಿಟ್ಟು ಲೆಕ್ಕ ಹಾಕಿದರೆ ಮೂರು ನಾಲ್ಕು ನಿಮಿಷ ತಡವಾಗುತ್ತದೆ. ಊರು ಬದಲಾದರೆ ವ್ಯತ್ಯಾಸ ಇನ್ನೂ ಹೆಚ್ಚು: ರೇಖಾಂಶವೊಂದರಿಂದಲೇ ಮಂಗಳೂರಿನ ಸೂರ್ಯೋದಯ ಕೋಲಾರಕ್ಕಿಂತ ಸುಮಾರು 13 ನಿಮಿಷ ಹಿಂದೆ ಬೀಳುತ್ತದೆ.

ಪಂಚಾಂಗ ಅಚ್ಚುಹಾಕುವವರು ಇಡೀ ನಾಡಿಗೆ ಒಂದೇ ಗಳಿಗೆ ಕೊಡುವುದನ್ನು ಬಿಟ್ಟು, ಆಯಾ ಊರಿನ ಉದಯಾಸ್ತಗಳ ಪಕ್ಕದಲ್ಲೇ ರಾತ್ರಿಮುಹೂರ್ತದ ಅಳತೆಯನ್ನೂ ಮುದ್ರಿಸಲಿ.