ಐವತ್ತು ಲಕ್ಷಕ್ಕೆ ಎರಡು ಕೋಟಿಯ ಆದ್ಯತೆ

ಕನ್ವರ್ಟಿಬಲ್ ನೋಟ್ ಹುಟ್ಟಿದ್ದು ಎಳೆಯ ಕಂಪನಿಗಳಿಗಾಗಿ ಅಲ್ಲ. ಎರಡು ಹೂಡಿಕೆ ಸುತ್ತುಗಳ ನಡುವೆ ಕೈ ಬರಿದಾದ ಕಂಪನಿಗೆ ಅಮೆರಿಕದ ವೆಂಚರ್ ಹೂಡಿಕೆದಾರರು ಕೊಡುತ್ತಿದ್ದ ಸಾಲ ಅದು. ಮುಂದಿನ ಸುತ್ತು ಬಂದಾಗ ಆ ಸಾಲವೇ ಷೇರಾಗುತ್ತಿತ್ತು. ಮೊದಲ ಹಣಕ್ಕೂ ಇದೇ ದಾರಿ ಸಾಕೆಂಬುದು ಕ್ರಮೇಣ ಎಲ್ಲರಿಗೂ ಹೊಳೆಯಿತು. ಕಂಪನಿಯ ಬೆಲೆ ಎಷ್ಟೆಂಬ ಜಗಳವನ್ನು ಮುಂದಕ್ಕೆ ಹಾಕಬಹುದಿತ್ತಲ್ಲ! 2010ರ ಹೊತ್ತಿಗೆ ವೈ ಕಾಂಬಿನೇಟರ್‌ನ ಪಾಲ್ ಗ್ರಹಾಂ ನೋಟ್‌ಗಳೇ ಗೆದ್ದವೆಂದು ಘೋಷಿಸಿದರು.

ಮುಂದೆ ಹಾಕಿದ ಜಗಳ ಬೇರೆ ಬಾಗಿಲಿನಿಂದ ಬಂತು. ಕಂಪನಿ ಮಾರಾಟವಾದರೆ ಯಾರಿಗೆ ಮೊದಲು ದುಡ್ಡು ಎಂಬುದೇ ಆ ಬಾಗಿಲು. ಇದಕ್ಕೆ ಲಿಕ್ವಿಡೇಷನ್ ಪ್ರಿಫರೆನ್ಸ್ ಎನ್ನುತ್ತಾರೆ.

ಒಂದು ಲೆಕ್ಕ ನೋಡಿ. ಸ್ಥಾಪಕರ ಬಳಿ 1,00,000 ಷೇರುಗಳಿವೆ. ಒಬ್ಬರು 50 ಲಕ್ಷ ರೂಪಾಯಿ ನೋಟ್ ಕೊಟ್ಟಿದ್ದಾರೆ, ಕ್ಯಾಪ್ 5 ಕೋಟಿ. ಅಂದರೆ ಷೇರಿಗೆ 500 ರೂಪಾಯಿಯಂತೆ ಅವರಿಗೆ 10,000 ಷೇರು (ಬಡ್ಡಿ ಬಿಟ್ಟುಬಿಡೋಣ). ಮುಂದಿನ ಸುತ್ತಿನಲ್ಲಿ ಒಂದು ಫಂಡ್ ಷೇರಿಗೆ 2,000 ರೂಪಾಯಿಯಂತೆ 4 ಕೋಟಿ ಹಾಕಿ 20,000 ಆದ್ಯತಾ ಷೇರು ಪಡೆಯುತ್ತದೆ. ಪ್ರತಿ ಷೇರಿಗೂ ಫಂಡ್ ಕೊಟ್ಟ ಬೆಲೆಯಷ್ಟು ಆದ್ಯತೆ. ನೋಟ್‌ದಾರರಿಗೂ ಅದೇ ಷೇರು ಕೊಟ್ಟರೆ ಅವರ ಆದ್ಯತೆ 2 ಕೋಟಿಯಾಗುತ್ತದೆ. ಹಾಕಿದ್ದು ಬರೀ 50 ಲಕ್ಷ. ಕಂಪನಿ 6 ಕೋಟಿಗೆ ಮಾರಾಟವಾಯಿತು ಎನ್ನಿ. ಫಂಡ್‌ಗೆ 4, ನೋಟ್‌ದಾರರಿಗೆ 2, ಸ್ಥಾಪಕರಿಗೆ ಸೊನ್ನೆ.

ಅಮೆರಿಕದ ವಕೀಲರು ಇದಕ್ಕೆ ಕಂಡುಕೊಂಡ ಮದ್ದು, ಶ್ಯಾಡೋ ಸೀರೀಸ್. ನೋಟ್‌ದಾರರಿಗೆ ಪ್ರತ್ಯೇಕ ವರ್ಗದ ಆದ್ಯತಾ ಷೇರು. ಉಳಿದ ಹಕ್ಕುಗಳು ಅವೇ, ಆದ್ಯತೆ ಮಾತ್ರ ಅವರು ಕೊಟ್ಟ 500 ರೂಪಾಯಿಗೆ ಸೀಮಿತ. ಆಗ ಅದೇ ಮಾರಾಟದಲ್ಲಿ ಸ್ಥಾಪಕರಿಗೆ ಒಂದೂವರೆ ಕೋಟಿ ಉಳಿಯುತ್ತದೆ. ವೈ ಕಾಂಬಿನೇಟರ್ 2013ರಲ್ಲಿ ಹೊರತಂದ ಸೇಫ್ ಪತ್ರದಲ್ಲಿ ಈ ಏರ್ಪಾಡು ಸೇರಿಯೇ ಬಂತು; ಬಡ್ಡಿಯೂ ಇಲ್ಲ, ವಾಯಿದೆಯೂ ಇಲ್ಲ.

ಭಾರತದಲ್ಲಿ 2016ರವರೆಗೆ ಇಂಥ ಹಣ ಸಾರ್ವಜನಿಕ ಠೇವಣಿ ಎನಿಸಿಕೊಳ್ಳುವ ಭಯವಿತ್ತು. ಆ ವರ್ಷ ಠೇವಣಿ ನಿಯಮ ತಿದ್ದಿ, ಮಾನ್ಯತೆ ಪಡೆದ ಸ್ಟಾರ್ಟಪ್‌ಗೆ ಒಬ್ಬರು ಒಂದೇ ಕಂತಿನಲ್ಲಿ ಕೊಟ್ಟ 25 ಲಕ್ಷ ಅಥವಾ ಹೆಚ್ಚಿನ ನೋಟ್‌ಗೆ ವಿನಾಯಿತಿ ಕೊಟ್ಟರು. ನೋಟ್ ಷೇರಾಗಲು ಇಲ್ಲವೇ ಮರುಪಾವತಿಯಾಗಲು ಇದ್ದ ಐದು ವರ್ಷದ ಗಡುವು 2020ರಲ್ಲಿ ಹತ್ತಾಯಿತು. ಹತ್ತು ಲಕ್ಷ ಕೊಡುವ ನೆಂಟರಿಗೆ ಈ ದಾರಿ ಇಲ್ಲ ಎಂಬುದು ನನ್ನ ಮಟ್ಟಿಗೆ ದೊಡ್ಡ ಕೊರತೆ. 2019ರಲ್ಲಿ 100ಎಕ್ಸ್.ವಿಸಿ ಸಂಸ್ಥೆ ಐಸೇಫ್ ತಂದಾಗ ಅದನ್ನು ಸಾಲವಾಗಿಡದೆ, ಕಡ್ಡಾಯವಾಗಿ ಪರಿವರ್ತನೆಯಾಗುವ ಆದ್ಯತಾ ಷೇರಿನ ರೂಪದಲ್ಲೇ ಕಟ್ಟಿತು.

ನೋಟ್ ಪರಿವರ್ತನೆಯಾಗುವ ಮುನ್ನವೇ ಕಂಪನಿ ಮುಚ್ಚಿದರೆ ಅದು ಸಾಲವೇ. ಷೇರುದಾರರೆಲ್ಲರಿಗಿಂತ ಮೊದಲು ತೀರಬೇಕು. ಪರಿವರ್ತನೆಯ ಕಲಮನ್ನಂತೂ ಸಹಿಗೆ ಮುನ್ನ ಬಿಡಿಸಿ ಓದಬೇಕು. ‘ಹೊಸ ಹೂಡಿಕೆದಾರರಿಗೆ ಕೊಡುವ ಅದೇ ವರ್ಗದ ಷೇರು’ ಎಂದಷ್ಟೇ ಇದ್ದರೆ ಮೇಲಿನ ಮೊದಲ ಲೆಕ್ಕ ನಿಮ್ಮದೇ. ಪ್ರತ್ಯೇಕ ವರ್ಗದ ಮಾತನ್ನು ಆಗಲೇ ಬರೆಸಿಕೊಂಡರೆ ಒಪ್ಪುವವರು ಹೆಚ್ಚು. ಫಂಡ್ ಬಂದ ಮೇಲೆ ಕೇಳಿದರೆ ನೋಟ್‌ದಾರರು ಒಂದೂವರೆ ಕೋಟಿ ಬಿಟ್ಟುಕೊಡಬೇಕಾಗುತ್ತದೆ.