ಮಂಗನ ಕಾಯಿಲೆ ಮತ್ತು ಹಳ್ಳಿಯವರ ಪ್ರಶ್ನೆ

ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗನ ಕಾಯಿಲೆಯ ವೈರಾಣು ಪತ್ತೆಯಾಯಿತು. ಆದರೆ ಕಾಡಿನಲ್ಲಿ ಮಂಗ ಸಾಯುವುದಕ್ಕೂ ಊರಿಗೆ ಜ್ವರ ಬರುವುದಕ್ಕೂ ನಂಟು ಕಂಡಿದ್ದು ಅಲ್ಲಿಯ ಜನರಿಗೆ. 'ಮಂಗನ ಕಾಯಿಲೆ' ಎಂಬ ಹೆಸರಲ್ಲೇ ಆ ಗಮನಿಕೆ ಅಡಗಿದೆ. ಅದನ್ನು ದತ್ತಾಂಶವೆಂದು ಕರೆಯುವ ಪರಿಪಾಠ ಆಗಿನ್ನೂ ಇರಲಿಲ್ಲ.

ಸ್ಥಳೀಯರ ತಿಳಿವಳಿಕೆಯನ್ನು ವ್ಯವಸ್ಥಿತವಾಗಿ ಬರೆದಿಡುವ ಒಂದು ದೊಡ್ಡ ಕೆಲಸ 1990ರ ದಶಕದಲ್ಲಿ ನಡೆಯಿತು. ಮಾಧವ ಗಾಡ್ಗೀಳ್ ಮತ್ತು ಸಂಗಡಿಗರ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಕಾಲೇಜು ಅಧ್ಯಾಪಕರು, ವಿದ್ಯಾರ್ಥಿಗಳು, ಊರಿನವರು ಸೇರಿ ದೇಶದಲ್ಲಿ 52 ದಾಖಲೆಗಳನ್ನು ಸಿದ್ಧಪಡಿಸಿದರು. ಆದರೂ ನಮೂನೆ ಬಹುಮಟ್ಟಿಗೆ ತಜ್ಞರದೇ ಆಗಿತ್ತು.

ಮಂಗನ ಕಾಯಿಲೆಯಲ್ಲಿ ಇಂಥ ಕೂಡು ಕೆಲಸ ಕಂಡದ್ದು 2020ರ ಒಂದು ಅಧ್ಯಯನದಲ್ಲಿ. ಬೆಥನ್ ಪರ್ಸ್ ಮತ್ತು ಸಹ ಸಂಶೋಧಕರು ಆರೋಗ್ಯ, ಪಶುಪಾಲನೆ, ಅರಣ್ಯ ಕ್ಷೇತ್ರದವರನ್ನು ಕೂಡಿಸಿ, ಯಾವ ಅಂಶಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಚರ್ಚಿಸಿ ಅಪಾಯದ ನಕ್ಷೆ ಮಾಡಿದರು. ನಿತ್ಯಹರಿದ್ವರ್ಣ ಕಾಡೂ ತೋಟವೂ ಬೆರೆತಿರುವ, ನಾಟಿ ದನ ಹೆಚ್ಚಿರುವ ಕಡೆ ಅಪಾಯ ಹೆಚ್ಚೆಂದು ಅದು ತೋರಿಸಿತು. ನಕ್ಷೆ 2019ರ ಪಿಡುಗಿನ ಹರಹಿಗೂ ಹೊಂದಿಕೊಂಡಿತು. ಇದು ನಿಜವಾದ ಗಳಿಕೆ. ಆದರೆ ಮೇಜಿನ ಸುತ್ತ ಕೂತವರಲ್ಲಿ ಇಲಾಖೆಯವರೇ ಮುಖ್ಯ. ದರಗು ಗುಡಿಸುವ ಹೆಂಗಸಿನ ಪ್ರಶ್ನೆ ಬೇರೆಯೇ ಇದ್ದೀತು.

ಆ ಕೊರತೆಗೆ ಫೋಟೊವಾಯ್ಸ್ ಹತ್ತಿರದ ಉಪಾಯ. 1992ರಲ್ಲಿ ಚೀನಾದ ಯುನ್ನಾನ್‌ನಲ್ಲಿ ಕ್ಯಾರೊಲಿನ್ ವಾಂಗ್ ಮತ್ತು ಮೇರಿ ಆ್ಯನ್ ಬರಿಸ್ 62 ಹಳ್ಳಿ ಹೆಂಗಸರ ಕೈಗೆ ಕ್ಯಾಮೆರಾ ಕೊಟ್ಟರು. ಚಿತ್ರ ತೆಗೆಯುವುದು ಅರ್ಧ ಕೆಲಸ ಅಷ್ಟೆ. ಯಾವುದನ್ನು ಇಟ್ಟುಕೊಳ್ಳುವುದು, ಅದರಲ್ಲಿ ಏನು ನಡೆಯುತ್ತಿದೆ, ಯಾಕೆ ಹೀಗಿದೆ ಎಂದು ತೆಗೆದವರೇ ಮಾತಾಡಿ, ವಿಷಯಗಳನ್ನು ತಾವೇ ಗುಂಪು ಮಾಡಬೇಕು.

ಮಲೆನಾಡಿನ ಅರಳಸುರಳಿಯಂಥ ಊರಿನಲ್ಲಿ ಇದನ್ನು ಮಾಡಿದರೆ? ಡಿಸೆಂಬರಿನಿಂದ ಮೇವರೆಗೆ, ಕಾಯಿಲೆಯ ಕಾಲದಲ್ಲೇ, ಕ್ಯಾಮೆರಾ ಕೊಡಬೇಕು. ಜನರಿಗೆ ಹೆಚ್ಚಾಗಿ ಕಾಯಿಲೆ ಅಂಟಿಸುವ ಎಳೆಯ ಉಣುಗು ಫೋಟೊದಲ್ಲಿ ಕಾಣುವುದು ಕಷ್ಟ. ಸಿಗುವುದು ಸೊಪ್ಪಿನಬೆಟ್ಟದ ಹಾದಿ, ದರಗಿನ ಹೊರೆ, ಬರಿಗಾಲು, ಕೊಟ್ಟಿಗೆಯ ಹಾಸು. ಹೊರೆ ಹೊತ್ತವರ ಚಿತ್ರ ನೋಡಿ 'ಕಾಡಿಗೆ ಹೋಗಬೇಡಿ' ಎಂಬ ಸಲಹೆ ಯಾಕೆ ನಿಲ್ಲುವುದಿಲ್ಲವೆಂದು ಅವರೇ ಹೇಳಬಲ್ಲರು: ಗೊಬ್ಬರವಿಲ್ಲದೆ ತೋಟವಿಲ್ಲ.

ತೊಡಕೂ ಅಲ್ಲೇ ಇದೆ. ಮೀಸಲು ಕಾಡಿನಲ್ಲಿ ಸೊಪ್ಪು ಕೊಯ್ಯುತ್ತಿರುವವರ ಫೋಟೊ ನಾಳೆ ಅವರ ಮೇಲೇ ಸಾಕ್ಷಿಯಾಗಬಹುದು. ಹಾಗಾಗಿ ಮುಖ, ಜಾಗ ಗುರುತಾಗದಂತೆ ನೋಡಿಕೊಂಡು, ಪ್ರತಿ ಚಿತ್ರಕ್ಕೂ ಒಪ್ಪಿಗೆ ಪಡೆದು, ಬೇಡವೆಂದರೆ ಅಳಿಸಬೇಕು. ಕ್ಯಾಮೆರಾ ಮನೆಯ ಗಂಡಸರ ಕೈಗೇ ಸೇರಿತೆ ಎಂಬುದನ್ನು ಚಿತ್ರಗಳೇ ಹೇಳುತ್ತವೆ: ತೋಟ, ಬೈಕು ತುಂಬಿ ಕೊಟ್ಟಿಗೆ ಕಾಣೆಯಾದರೆ, ಕೆಲಸ ಮತ್ತೆ ಮೊದಲಿಂದ.