ಕಟ್ಟುವಾಗಿನ ಬಡ್ಡಿ: ಲೆಕ್ಕಪುಸ್ತಕದ ಒಳಗೆ, ಎನ್‌ಪಿವಿಯ ಹೊರಗೆ

ವಿದ್ಯುತ್ ಸ್ಥಾವರವೊಂದರ ಡಿಪಿಆರ್ ತೆರೆದರೆ, ಯಂತ್ರೋಪಕರಣ ಮತ್ತು ಸಿವಿಲ್ ಕಾಮಗಾರಿಗಳ ಕೆಳಗೆ ಐಡಿಸಿ, ಅಂದರೆ ನಿರ್ಮಾಣಾವಧಿಯ ಬಡ್ಡಿ, ಕಾಣುತ್ತದೆ. ಎಷ್ಟು ಹಣ ಹೊಂದಿಸಬೇಕೆಂದು ತಿಳಿಯಲು ಬ್ಯಾಂಕಿಗೆ ಅದು ಬೇಕು. ಕೇಂದ್ರ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವೂ ದರ ನಿಗದಿಗೆ ಹಿಡಿಯುವ ಬಂಡವಾಳ ವೆಚ್ಚದಲ್ಲಿ ಅದನ್ನು ಪರಿಗಣಿಸುತ್ತದೆ. ಆ ಒಟ್ಟು ಮೊತ್ತವನ್ನೇ ನಿವ್ವಳ ವರ್ತಮಾನ ಮೌಲ್ಯದ ಲೆಕ್ಕಕ್ಕೆ ಎತ್ತಿಕೊಂಡಾಗ ಎಡವಟ್ಟಾಗುತ್ತದೆ.

ಹೂಡಿಕೆಯ ನಿರ್ಧಾರ ಬೇರೆ, ಅದಕ್ಕೆ ಸಾಲ ತರುವ ನಿರ್ಧಾರ ಬೇರೆ ಎಂಬ ವಿಚಾರದ ಬೇರು ಇರ್ವಿಂಗ್ ಫಿಶರ್ 1907 ಮತ್ತು 1930ರಲ್ಲಿ ಬಡ್ಡಿಯ ಬಗ್ಗೆ ಬರೆದ ಗ್ರಂಥಗಳಲ್ಲಿದೆ. 1951ರಲ್ಲಿ ಜೋಯೆಲ್ ಡೀನ್ ಬಂಡವಾಳ ಆಯವ್ಯಯದ ಚರ್ಚೆಯನ್ನು ಕಂಪನಿಗಳ ಆಡಳಿತದೊಳಕ್ಕೆ ತಂದರು. 1958ರಲ್ಲಿ ಮೊಡಿಗ್ಲಿಯಾನಿ ಮತ್ತು ಮಿಲ್ಲರ್, ತೆರಿಗೆಯಂಥ ತೊಡಕುಗಳಿಲ್ಲದಿದ್ದರೆ, ಆಸ್ತಿಯ ಬೆಲೆ ಅದರ ಗಳಿಕೆಯಿಂದ ಬರುತ್ತದೆಯೇ ಹೊರತು ಸಾಲದ ಪ್ರಮಾಣದಿಂದಲ್ಲ ಎಂದು ವಾದಿಸಿದರು. ಹಣ ಕಾಯುವುದಕ್ಕೆ ತೆರುವ ಬೆಲೆಯ ಜಾಗ ಡಿಸ್ಕೌಂಟ್ ದರ, ನಗದು ಹರಿವಲ್ಲ.

ಲೆಕ್ಕಪತ್ರದವರು ಬೇರೆ ದಾರಿ ಹಿಡಿದರು. ಅಮೆರಿಕದಲ್ಲಿ 1979ರ ಮಾನದಂಡ ಈ ಬಡ್ಡಿಯನ್ನು ಆಸ್ತಿಯ ಬೆಲೆಗೆ ಸೇರಿಸಲು ಹೇಳಿತು. ನಮ್ಮಲ್ಲಿ ಎಎಸ್ 16, ಇಂಡ್ ಎಎಸ್ 23 ಹೇಳುವುದೂ ಅದನ್ನೇ. ಅವರ ಪ್ರಶ್ನೆಯೇ ಬೇರೆ: ಪುಸ್ತಕದಲ್ಲಿ ಆಸ್ತಿಯ ಬೆಲೆ ಎಷ್ಟೆಂದು ಬರೆಯಬೇಕು?

ಒಂದು ಲೆಕ್ಕ ಹಾಕೋಣ. ತೆರಿಗೆ ಸದ್ಯಕ್ಕೆ ಬದಿಗಿರಲಿ. ಇಂದು 100 ಕೋಟಿ ಖರ್ಚು, ಎರಡು ವರ್ಷ ನಿರ್ಮಾಣ, ಪೂರ್ತಿ ಸಾಲ, ಬಡ್ಡಿಯೂ ಡಿಸ್ಕೌಂಟ್ ದರವೂ ಶೇ. 10. ಚಕ್ರಬಡ್ಡಿಯಲ್ಲಿ ಐಡಿಸಿ 21 ಕೋಟಿ. ಸ್ಥಾವರ ಮುಗಿದ ದಿನ ಅದರ ಬೆಲೆ 140 ಕೋಟಿಯೆಂದರೆ, ಇಂದಿನ ಮೌಲ್ಯ 115.7 ಕೋಟಿ, ಎನ್‌ಪಿವಿ 15.7 ಕೋಟಿ. ಎರಡನೇ ವರ್ಷದ 121 ಕೋಟಿಯನ್ನೇ ವೆಚ್ಚವೆಂದು ಹಿಡಿದರೂ ಇಂದಿನ ಮೌಲ್ಯದಲ್ಲಿ ಅದು 100 ಕೋಟಿಯೇ. ಆದರೆ ಇಂದಿನ 100ರ ಜೊತೆಗೆ ಎರಡನೇ ವರ್ಷದ 21 ಕೋಟಿಯನ್ನೂ ಕಳೆದರೆ ಇನ್ನೂ 17.4 ಕೋಟಿ ಹೋಗಿ, ಫಲ ಸುಮಾರು ಮೈನಸ್ 1.7 ಕೋಟಿ. ಒಂದೇ ಕಾಯುವಿಕೆಗೆ ಎರಡು ಸಲ ದಂಡ ತೆತ್ತು, ಒಳ್ಳೆಯ ಯೋಜನೆಯನ್ನು ಕೈಬಿಟ್ಟಂತಾಯಿತು.

ಇದರ ತದ್ವಿರುದ್ಧವಾದ ತಪ್ಪು ಇನ್ನೂ ಸೂಕ್ಷ್ಮವಾದದ್ದು. ಐಡಿಸಿ ತೆಗೆದುಹಾಕಿ, ಖರ್ಚನ್ನೆಲ್ಲ ಸ್ಥಾವರ ಚಾಲೂ ಆಗುವ ದಿನಕ್ಕೆ ಬರೆದರೆ, ಕಾದ ಕಾಲದ ಬೆಲೆಯೇ ಮಾಯ. ಆದ್ದರಿಂದ ಪ್ರತಿ ಖರ್ಚೂ ಹಣ ನಿಜವಾಗಿ ಕೈಬಿಟ್ಟು ಹೋಗುವ ವರ್ಷದಲ್ಲೇ ನಿಲ್ಲಬೇಕು.

ತೆರಿಗೆ ಬಂದಾಗ ಗಂಟು ಬಿಗಿಯುತ್ತದೆ. ನಮ್ಮ ಕಾನೂನಿನಲ್ಲಿ ಆಸ್ತಿ ಬಳಕೆಗೆ ಬರುವವರೆಗಿನ ಬಡ್ಡಿಯನ್ನು ಆಯಾ ವರ್ಷವೇ ಕಳೆಯುವಂತಿಲ್ಲ. ಅದು ಆಸ್ತಿಯ ಬೆಲೆಗೆ ಸೇರಿ ಸವಕಳಿಯ ಮೂಲಕ ನಿಧಾನವಾಗಿ ಹಿಂತಿರುಗುತ್ತದೆ. ತೆರಿಗೆ ಕಳೆದ ಡಿಸ್ಕೌಂಟ್ ದರವಾದರೋ ಬಡ್ಡಿಯ ತೆರಿಗೆ ಲಾಭ ಕೂಡಲೇ ಸಿಕ್ಕಿತೆಂದು ಭಾವಿಸುತ್ತದೆ. ಹಾಗಾಗಿ ಸವಕಳಿಯನ್ನು ಐಡಿಸಿ ಸೇರದ ಬೆಲೆಯ ಮೇಲೆಯೇ ಲೆಕ್ಕ ಹಾಕಿದರೂ ಉತ್ತರ ಅಂದಾಜಿನದೇ. ನಿರ್ಮಾಣ ದೀರ್ಘವಾದಾಗ ಸ್ಟುವರ್ಟ್ ಮೈಯರ್ಸ್ 1974ರಲ್ಲಿ ಮುಂದಿಟ್ಟ ಕ್ರಮ ಮೇಲು: ಸಾಲವಿಲ್ಲದ ಯೋಜನೆಯ ಮೌಲ್ಯ ಮೊದಲು, ಸಾಲದಿಂದ ಬರುವ ತೆರಿಗೆ ಲಾಭ ಪ್ರತ್ಯೇಕವಾಗಿ. ಷೇರುದಾರರ ಪಾಲಿನ ನಗದು ಹರಿವನ್ನು ಮಾತ್ರ ಲೆಕ್ಕ ಹಾಕುವಾಗ ಸಾಲದ ಒಳಹರಿವು, ಬಡ್ಡಿ, ಮರುಪಾವತಿ ಮೂರೂ ಒಳಗೆ ಬರಬೇಕು. ಆಗ ದರವೂ ಷೇರುದಾರರದ್ದೇ ಆಗಿರಬೇಕು.